"ನಂಗೂ ಏನಾದ್ರೂ ಕಲೀಬೇಕು" ಅನ್ನುವವರಿಗೆ ಮೊದಲ ವಿಷಯ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಅಮ್ಮನಿಗೆ 58 ವರ್ಷ. ಏಳನೇ ಕ್ಲಾಸಿನವರೆಗೆ ಓದಿದ್ದಾರೆ. ತಿಪಟೂರಿನ ಹತ್ತಿರದ ಹಳ್ಳಿಯಿಂದ ಎರಡು ವರ್ಷದ ಹಿಂದೆ ಬೆಂಗಳೂರಿಗೆ ನಮ್ಮ ಜೊತೆ ಇರೋಕೆ ಬಂದರು. ಈಚೆಗೆ ಪದೇ ಪದೇ "ನಂಗೂ ಏನಾದ್ರೂ ಕಲೀಬೇಕು ಕಣೋ" ಅಂತಾರೆ. ಏನು ಅಂತ ಕೇಳಿದ್ರೆ "ಏನೋ ಒಂದು, ನೀನೇ ಹೇಳು" ಅಂತಾರೆ. ಇಂಗ್ಲಿಷ್ ಕಲಿಸೋ ಆ್ಯಪ್ ಹಾಕಿಕೊಟ್ಟೆ, ಒಂದು ವಾರಕ್ಕೆ ಬಿಟ್ಟರು. ಯಾವುದರಿಂದ ಶುರು ಮಾಡಿಸಲಿ?

ಉತ್ತರ: ವಿಷಯವನ್ನು ನೀವು ಆರಿಸಿ ಕೊಡಬೇಡಿ. ನಾನೂ ಇಲ್ಲಿಂದ ಆರಿಸಿ ಹೇಳುವುದಿಲ್ಲ. ಓದು ಅರ್ಧಕ್ಕೆ ಬಿಟ್ಟ ದೊಡ್ಡವರ ಜೊತೆ ತುಂಬಾ ಕಾಲ ಕೆಲಸ ಮಾಡಿದ್ದೇನೆ. ಅವರಲ್ಲಿ ಹೆಚ್ಚಿನವರ ಹತ್ತಿರ ವಿಷಯ ಆಗಲೇ ಇರುತ್ತದೆ. ಆದರೆ ಅದು ವಿಷಯದ ಹೆಸರಿನಲ್ಲಿ ಇರುವುದಿಲ್ಲ. ದಿನದಲ್ಲಿ ಯಾವಾಗಲೋ ಬಾಯಿಗೆ ಬರುವ "ಅದ್ಯಾಕೆ ಹಂಗೆ?" ಅನ್ನುವ ಮಾತಿನಲ್ಲಿ ಇರುತ್ತದೆ. ಅದನ್ನು ಕೇಳಿಸಿಕೊಂಡು, ಕತ್ತರಿಸಿ, ಕೆಲವು ವಾರದಲ್ಲಿ ಮುಗಿಯುವಷ್ಟು ಸಣ್ಣದು ಮಾಡಿಕೊಡುವುದೇ ನಿಮ್ಮ ಕೆಲಸ. ಅದು ಹೇಗೆ ಅಂತ ಒಬ್ಬರ ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ.

ಮೊದಲು, "ಏನು ಕಲೀಬೇಕು?" ಅನ್ನುವ ಪ್ರಶ್ನೆಗೆ ಯಾಕೆ ಉತ್ತರ ಬರುವುದಿಲ್ಲ ಅಂತ ನೋಡೋಣ. ಹಾಗೆ ಕೇಳಿದಾಗ ನಾವು ಒಂದು ವಿಷಯದ ಹೆಸರು ಹೇಳಿ ಅಂತ ಕೇಳುತ್ತಿದ್ದೇವೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಗೊತ್ತಿರುವ ಹೆಸರುಗಳು ಕೆಲವೇ: ಇಂಗ್ಲಿಷ್, ಕಂಪ್ಯೂಟರ್, ಲೆಕ್ಕ, ಹೊಲಿಗೆ. ಖಗೋಳ, ಸಸ್ಯಶಾಸ್ತ್ರ, ಕಾನೂನು ಅಂತ ಹೆಸರಿಟ್ಟು ಹೇಳಲು ಬಾರದು. ಆದರೆ ತೋಟಕ್ಕೆ ಬಿದ್ದ ರೋಗದ ಬಗ್ಗೆ, ಪಹಣಿಯಲ್ಲಿರುವ ಹೆಸರಿನ ಬಗ್ಗೆ ಅವರಿಗೆ ಪ್ರಶ್ನೆ ಬೇಕಾದಷ್ಟಿರುತ್ತದೆ. ಹೆಸರು ಹೇಳಲು ಆಗದೆ "ನೀನೇ ಹೇಳು" ಅಂತಾರೆ. ಇಲ್ಲವೇ ಮರ್ಯಾದೆಯ ಉತ್ತರ ಅನಿಸುವ "ಇಂಗ್ಲಿಷ್" ಅಂತಾರೆ. ಇಂಗ್ಲಿಷ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಆ್ಯಪ್ ಒಂದು ವಾರಕ್ಕೆ ನಿಂತಿದ್ದಕ್ಕೆ ಅಮ್ಮನ ಆಸಕ್ತಿ ಕಡಿಮೆ ಅಂತ ಅರ್ಥ ಮಾಡಿಕೊಳ್ಳಬೇಡಿ. ಆ ವಿಷಯ ಅವರದಾಗಿರಲಿಲ್ಲ, ಅಷ್ಟೇ.

ವಿಷಯಕ್ಕೆ ಕೈ ಹಾಕುವ ಮುಂಚೆ ಇನ್ನೊಂದು ತಿಳಿದುಕೊಳ್ಳಬೇಕು. "ಕಲೀಬೇಕು" ಅನ್ನುವುದರ ಹಿಂದೆ ಏನಿದೆ? ಸಿರಿಲ್ ಹೂಲ್ ಅನ್ನುವ ಅಮೆರಿಕದ ಶಿಕ್ಷಣ ತಜ್ಞರು, ಬಿಡದೆ ಕಲಿಯುತ್ತಲೇ ಇರುವ 22 ಮಂದಿ ದೊಡ್ಡವರನ್ನು ಕೂರಿಸಿಕೊಂಡು ಉದ್ದಕ್ಕೂ ಮಾತನಾಡಿಸಿದರು. 1961ರಲ್ಲಿ ಅದನ್ನು ಪ್ರಕಟಿಸಿದರು. ಅವರಿಗೆ ಮೂರು ಬಗೆಯ ಜನ ಕಂಡರು. ಒಂದು, ಯಾವುದೋ ಕೆಲಸ ಸಾಧಿಸಲು ಕಲಿಯುವವರು. ಎರಡು, ಕಲಿಯುವ ಜಾಗದಲ್ಲಿ ಸಿಗುವ ಜನ, ಒಡನಾಟ, ಮನೆಯಿಂದ ಹೊರಗೆ ಹೋಗುವ ಕಾರಣ ಇವುಗಳಿಗಾಗಿ ಬರುವವರು. ಮೂರು, ತಿಳಿಯುವುದೇ ಬೇಕಾಗಿ ಕಲಿಯುವವರು. ಒಬ್ಬರಲ್ಲೇ ಮೂರೂ ಸ್ವಲ್ಪ ಸ್ವಲ್ಪ ಇರಬಹುದು. ಇಷ್ಟು ವರ್ಷ ಆದ ಮೇಲೂ ಈ ವಿಂಗಡಣೆ ನನಗೆ ಪ್ರತಿ ಸಲ ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ಮೂವರೂ ಬಾಯಿಬಿಟ್ಟು ಹೇಳುವುದು ಒಂದೇ ಮಾತು, ಬೇಕಾಗಿರುವುದು ಬೇರೆ ಬೇರೆ.

ನಿಮ್ಮ ಅಮ್ಮನ ವಿಷಯದಲ್ಲಿ ಎರಡನೆಯದನ್ನು ಮೊದಲು ಯೋಚಿಸಿ. ಹಳ್ಳಿಯಲ್ಲಿ ದಿನಕ್ಕೆ ಹತ್ತಾರು ಜನರ ಜೊತೆ ಮಾತಾಡಿಕೊಂಡಿದ್ದವರು. ಈಗ ನೀವು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಇರುತ್ತಾರೇನೋ. ಅವರಿಗೆ ಬೇಕಾಗಿರುವುದು ಜನ ಆಗಿದ್ದರೆ, ಮೊಬೈಲ್ ಕೈಗೆ ಕೊಟ್ಟು ಒಂಟಿಯಾಗಿ ಕೂರಿಸುವ ಯಾವ ವಿಷಯವೂ ನಿಲ್ಲುವುದಿಲ್ಲ. ಎಷ್ಟೇ ಒಳ್ಳೆಯ ವಿಷಯ ಆಗಿದ್ದರೂ ಅಷ್ಟೇ. ಆಗ ವಿಷಯದ ಚಿಂತೆ ಬಿಟ್ಟು, ನಡೆದು ಹೋಗುವಷ್ಟು ಹತ್ತಿರ ನಾಲ್ಕು ಜನ ಸೇರುವ ಜಾಗ ಹುಡುಕಿ. ಭಜನೆ ಆಗಲಿ, ಹೊಲಿಗೆ ಕ್ಲಾಸ್ ಆಗಲಿ, ಪಾರ್ಕಿನ ಯೋಗ ಆಗಲಿ, ಯಾವುದಾದರೂ ನಡೆಯುತ್ತದೆ. ಇದನ್ನು ಪತ್ತೆ ಮಾಡುವ ಪ್ರಶ್ನೆ ಸುಲಭ. "ಇದನ್ನ ಒಬ್ಬಳೇ ಕೂತು ಕಲಿಯೋದಾದ್ರೆ ಇಷ್ಟಾನಾ, ಯಾರಾದ್ರೂ ಜೊತೆಗಿರಬೇಕಾ?" ಅಂತ ಕೇಳಿ. ಮಾತಿನಲ್ಲಿ ಜನರ ಹೆಸರು ಜಾಸ್ತಿ ಬಂದರೆ, "ಮೇಲಿನ ಮನೆಯ ಸಾವಿತ್ರಮ್ಮ ಹೋಗ್ತಾರಂತೆ" ಅನ್ನುವಂಥದ್ದು, ಉತ್ತರ ಅಲ್ಲೇ ಇದೆ.

ಮೊದಲನೇ ಬಗೆಯವರು ಸುಲಭವಾಗಿ ಗೊತ್ತಾಗುತ್ತಾರೆ. ಅವರ ಮಾತು ಒಂದು ಜಾಗದಲ್ಲಿ ಬಂದು ನಿಲ್ಲುತ್ತದೆ: ಬ್ಯಾಂಕು, ಆಸ್ಪತ್ರೆ, ಬಸ್ಸು, ಮೊಮ್ಮಗುವಿನ ಶಾಲೆ. ಗಮನ ಕೊಟ್ಟು ಕೇಳಬೇಕಾದ್ದು ಮೂರನೆಯವರನ್ನು. ಅವರ ಕುತೂಹಲಕ್ಕೆ ಉಪಯೋಗ ಇರುವುದಿಲ್ಲ, ಅದಕ್ಕೇ ಹೇಳಿಕೊಳ್ಳಲು ನಾಚುತ್ತಾರೆ. "ಈ ವಯಸ್ಸಲ್ಲಿ ಅದನ್ನ ತಿಳ್ಕೊಂಡು ಏನಾಗಬೇಕು" ಅಂತ ತಾವೇ ಮುಚ್ಚಿಬಿಡುತ್ತಾರೆ.

ಇನ್ನು ಕೇಳುವ ರೀತಿ. ಗ್ರಂಥಾಲಯದಲ್ಲಿ ಕೆಲಸ ಮಾಡುವವರಿಗೆ ಈ ತೊಂದರೆ ಹಳೆಯದು. ಬಂದವರು ತಮಗೆ ಬೇಕಾದ್ದನ್ನು ಕೇಳುವ ಬದಲು, ಇಲ್ಲಿ ಸಿಗಬಹುದು ಅಂದುಕೊಂಡದ್ದನ್ನು ಕೇಳುತ್ತಾರೆ. ಬ್ರೆಂಡಾ ಡರ್ವಿನ್ ಮತ್ತು ಪೆಟ್ರೀಷಿಯಾ ಡ್ಯೂಡ್ನಿ ಅನ್ನುವ ಇಬ್ಬರು 1986ರಲ್ಲಿ ಇದಕ್ಕೊಂದು ದಾರಿ ಬರೆದರು. ವಿಷಯ ಯಾವುದು ಅಂತ ಕೇಳಬೇಡಿ, ಮೂರು ಬೇರೆ ಸಂಗತಿ ಕೇಳಿ ಅಂದರು. ಆ ಹೊತ್ತಿನಲ್ಲಿ ಏನು ನಡೆಯುತ್ತಿತ್ತು, ಎಲ್ಲಿ ತಡೆ ಬಂತು, ಗೊತ್ತಾದರೆ ಅದರಿಂದ ಏನು ಮಾಡುತ್ತೀರಿ. ಮನೆಯ ಮಾತಿನಲ್ಲಿ ಹೀಗೆ ಕೇಳಬಹುದು: "ಕಲೀಬೇಕು ಅಂತ ಮೊನ್ನೆ ಹೇಳಿದ್ಯಲ್ಲ ಅಮ್ಮಾ, ಆವಾಗ ಏನು ಮಾಡ್ತಿದ್ದೆ?" ಆಮೇಲೆ, "ಏನು ಗೊತ್ತಾಗಲಿಲ್ಲ ಅಲ್ಲಿ?" ಕೊನೆಗೆ, "ಗೊತ್ತಾಗಿದ್ರೆ ಏನು ಮಾಡ್ತಿದ್ದೆ?"

ಮೂರರಲ್ಲಿ ಮೊದಲನೆಯದು ಮುಖ್ಯ. ಅದು ಆಸೆಯ ಬಗ್ಗೆ ಕೇಳುವುದಿಲ್ಲ, ನಡೆದದ್ದರ ಬಗ್ಗೆ ಕೇಳುತ್ತದೆ. ಆಸೆಯನ್ನು ಹೇಳಲು ತಡವರಿಸುವವರೂ ನಡೆದದ್ದನ್ನು ಚೆನ್ನಾಗಿ ಹೇಳುತ್ತಾರೆ. ಎದುರು ಬದುರು ಕೂರಿಸಿಕೊಂಡು ಮಾತ್ರ ಕೇಳಬೇಡಿ, ಅದು ಪರೀಕ್ಷೆ ಅನಿಸುತ್ತದೆ. ಕೈಗೆ ಕೆಲಸ ಇರುವಾಗ ಕೇಳಿ. ಸೊಪ್ಪು ಬಿಡಿಸುವಾಗ, ಬಟ್ಟೆ ಮಡಿಸುವಾಗ, ಸಂಜೆ ಟೆರೇಸಿನಲ್ಲಿ. ಒಂದೇ ದಿನ ಮೂರೂ ಕೇಳಿ ಮುಗಿಸಬೇಕಾಗಿಲ್ಲ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಮಕ್ಕಳು ಇಲ್ಲಿ ಅವಸರ ಮಾಡುತ್ತಾರೆ, ಅಮ್ಮ ಅರ್ಧ ಹೇಳುವಷ್ಟರಲ್ಲಿ "ಓ, ಹಂಗಾದ್ರೆ ಯೂಟ್ಯೂಬಲ್ಲಿ ಇದೆ" ಅಂದುಬಿಡುತ್ತಾರೆ. ಅಲ್ಲಿಗೆ ಮಾತು ನಿಂತಿತು. ಒಂದು ವಾರ ಯಾವ ಸಲಹೆಯನ್ನೂ ಕೊಡದೆ, ಅವರ ಬಾಯಲ್ಲಿ ಬಂದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಮಾತಿಗೆ ತಿರುಗಿಸಿ ಬರೆಯಬೇಡಿ.

ಈಗ ಉದಾಹರಣೆಗೆ ಬರುತ್ತೇನೆ. ಅರಸೀಕೆರೆ ಕಡೆಯ ಒಬ್ಬ ಹೆಣ್ಣುಮಗಳು, ಐವತ್ತು ದಾಟಿದವರು, ಮಗಳ ಮನೆಯಲ್ಲಿದ್ದರು. ಅವರದೂ ಇದೇ ಮಾತು, ಏನಾದರೂ ಕಲಿಯಬೇಕು. ಮಗಳು ಮೊಬೈಲ್ ಕಲಿಸಲು ಹೋಗಿ ಸೋತಿದ್ದರು. ನಾನು ಹಿಂದಿನ ಸಲ ಯಾವಾಗ ಹಾಗೆ ಅನಿಸಿತು ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಕ್ಯಾಲೆಂಡರ್ ಹರಿಯೋವಾಗ" ಅಂದರು. ಅವರ ಮನೆಯಲ್ಲಿ ತಿಂಗಳು ಮುಗಿದಾಗ ಕ್ಯಾಲೆಂಡರಿನ ಹಾಳೆ ಹರಿಯುವುದು ಅವರ ಕೆಲಸ. "ಅಲ್ಲಿ ಏನು ಗೊತ್ತಾಗಲಿಲ್ಲ ಅಕ್ಕಾ?" ಅಂದೆ. "ನಕ್ಷತ್ರ ಬರ್ದಿರ್ತಾರಲ್ಲ ದಿನಾ, ರೋಹಿಣಿ, ಮೃಗಶಿರ ಅಂತ. ಅದು ಮೇಲೆ ಎಲ್ಲಾದ್ರೂ ಐತಾ, ಬರೀ ಹೆಸರಾ?" ಅಂದರು. ಆಮೇಲೆ ತಾವೇ ಮುಂದುವರಿಸಿದರು. "ರೋಹಿಣಿ ಮಳೆ ಅಂತೀವಿ. ಆ ನಕ್ಷತ್ರ ಮಳೆ ತರುತ್ತಾ? ಹೋಗ್ಲಿ ಬಿಡಿ, ನಮಗ್ಯಾಕೆ."

ಆ "ನಮಗ್ಯಾಕೆ" ಕೇಳಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವ ಗಾದೆಯ ಮೇಲೆ ನಂಬಿಕೆ ಇಟ್ಟು ಬಿತ್ತನೆ ಮಾಡಿದ ಮನೆಯವರು. ಆ ಹೆಸರುಗಳನ್ನು ಬದುಕಿನುದ್ದಕ್ಕೂ ಹೇಳಿದ್ದಾರೆ. ಯಾರೂ ಒಂದು ದಿನ ಆಕಾಶದ ಕಡೆ ಕೈ ತೋರಿಸಿರಲಿಲ್ಲ. ಇದು ಮೂರನೇ ಬಗೆಯ ಆಸೆ.

ಆದರೆ "ಆಕಾಶದ ಬಗ್ಗೆ ಕಲಿಯೋಣ" ಅಂದಿದ್ದರೆ ಅವರು ಅಲ್ಲೇ ಕೈ ಬಿಡುತ್ತಿದ್ದರು. ವಿಷಯ ಸಿಕ್ಕ ಮೇಲೆ ಅದನ್ನು ಕತ್ತರಿಸಬೇಕು, ಇದು ಎಲ್ಲಕ್ಕಿಂತ ಸೂಕ್ಷ್ಮದ ಕೆಲಸ. ಎಷ್ಟು ಸಣ್ಣದು ಮಾಡಬೇಕು? ನಾನು ಇಟ್ಟುಕೊಂಡ ಅಳತೆ ಸುಮಾರು ಏಳು ಗಂಟೆ. ಇದು ಕೆನಡಾದ ಅಲನ್ ಟಫ್ ಅವರಿಂದ ತೆಗೆದುಕೊಂಡದ್ದು. ದೊಡ್ಡವರು ತಾವಾಗಿಯೇ ಏನೇನು ಕಲಿಯುತ್ತಾರೆ ಅಂತ 1971ರಲ್ಲಿ ಅವರು ಬರೆದಾಗ, ಆರು ತಿಂಗಳೊಳಗೆ ಕನಿಷ್ಠ ಏಳು ಗಂಟೆ ಹಾಕಿದ್ದನ್ನು ಮಾತ್ರ ಒಂದು ಕಲಿಕೆ ಅಂತ ಎಣಿಸಿದ್ದರು. ದಿನಕ್ಕೆ ಇಪ್ಪತ್ತು ನಿಮಿಷ ಅಂದರೆ ಮೂರು ವಾರ. ಅದಕ್ಕಿಂತ ತುಂಬಾ ಕಡಿಮೆ ಆದರೆ ಒಂದು ಮಾತಿನ ಉತ್ತರ ಆಗಿಬಿಡುತ್ತದೆ. ತುಂಬಾ ಜಾಸ್ತಿ ಆದರೆ ಕೊನೆ ಕಾಣುವುದಿಲ್ಲ. ಮೊದಲ ಸಲ ಕಲಿಯುವವರಿಗೆ ಕೊನೆ ಕಾಣಬೇಕು.

ಇನ್ನೊಂದು ಗುಣವೂ ಆ ತುಂಡಿಗೆ ಇರಬೇಕು. ಸರಿ ಬಂತೋ ಇಲ್ಲವೋ ಅಂತ ಕಲಿಯುವವರಿಗೇ ಗೊತ್ತಾಗಬೇಕು, ಬೇರೆಯವರು ಬಂದು ಹೇಳುವ ಹಾಗಿರಬಾರದು. ನಿಮ್ಮ ಇಂಗ್ಲಿಷ್ ಆ್ಯಪ್ ಸೋತದ್ದು ಇದರಿಂದಲೂ ಇರಬಹುದು. ಅಲ್ಲಿ ಸರಿ ತಪ್ಪು ಹೇಳುವುದು ಪರದೆಯ ಮೇಲಿನ ಹಸಿರು ಕೆಂಪು ಗುರುತು. ಅದು ಬಂದರೂ ಮನೆಯಲ್ಲಿ, ಬೀದಿಯಲ್ಲಿ ಏನೂ ಬದಲಾಗುವುದಿಲ್ಲ, ಅಲ್ವಾ?

ಅಕ್ಕನಿಗೆ ನಾವು ಆರಿಸಿದ ತುಂಡು ಇಷ್ಟೇ: ಕ್ಯಾಲೆಂಡರಿನಲ್ಲಿ ರೋಹಿಣಿ ಅಂತ ಬರೆದ ದಿನ, ಆಕಾಶದಲ್ಲಿ ರೋಹಿಣಿಯನ್ನು ತಾವೇ ಗುರುತಿಸುವುದು. ಆಗ ಫೆಬ್ರುವರಿ. ಆ ತಿಂಗಳ ಸಂಜೆ ಅದಕ್ಕೆ ತುಂಬಾ ಅನುಕೂಲ. ಏಳೂವರೆ ಎಂಟರ ಹೊತ್ತಿಗೆ ನೆತ್ತಿಯ ಸುತ್ತಮುತ್ತಲೇ ಎಲ್ಲ ಇರುತ್ತದೆ. ಒಂದೇ ಸಾಲಿನಲ್ಲಿ ಒತ್ತಾಗಿ ನಿಂತ ಮೂರು ಚುಕ್ಕಿಗಳನ್ನು ಅವರು ಚಿಕ್ಕಂದಿನಿಂದ ನೋಡಿದ್ದರು, ಹೆಸರು ಗೊತ್ತಿರಲಿಲ್ಲ. ಆ ಮೂರನ್ನು ಗೆರೆ ಎಳೆದಂತೆ ವಾಯವ್ಯದ ಕಡೆಗೆ ಮುಂದುವರಿಸಿದರೆ ಸ್ವಲ್ಪ ಕೆಂಪಗಿನ ಒಂದು ಒಂಟಿ ನಕ್ಷತ್ರ ಸಿಗುತ್ತದೆ. ಅದೇ ರೋಹಿಣಿ. ಗೆರೆಯನ್ನು ಇನ್ನೂ ಮುಂದಕ್ಕೆ ಒಯ್ದರೆ ಸಣ್ಣ ಚುಕ್ಕಿಗಳ ಗೊಂಚಲು, ಅದು ಕೃತ್ತಿಕೆ. ಎದುರು ದಿಕ್ಕಿಗೆ ಎಳೆದರೆ ಆಕಾಶದಲ್ಲೇ ಅತಿ ಹೊಳೆಯುವ ನಕ್ಷತ್ರ ಲುಬ್ಧಕ. ಬೆಂಗಳೂರಿನಂಥ ಬೆಳಕಿನ ಊರಿನಲ್ಲೂ ಕೃತ್ತಿಕೆ ಬಿಟ್ಟು ಉಳಿದವು ಬರಿಗಣ್ಣಿಗೆ ಕಾಣುತ್ತವೆ. ಕೃತ್ತಿಕೆಗೆ ಬೀದಿದೀಪ ಮರೆಯಾಗುವ ಮೂಲೆ ಬೇಕು.

ಮೊದಲ ವಾರ ಇಷ್ಟೇ ಕೆಲಸ. ದಿನಾ ಸಂಜೆ ಟೆರೇಸಿಗೆ ಹೋಗಿ ಮೂರು ಚುಕ್ಕಿ ಹುಡುಕಿ ಅಲ್ಲಿಂದ ರೋಹಿಣಿಗೆ ಹೋಗುವುದು. ಎರಡನೇ ವಾರ ಚಂದ್ರನನ್ನು ಸೇರಿಸಿದೆವು. ಕ್ಯಾಲೆಂಡರಿನಲ್ಲಿ ಇವತ್ತು ರೋಹಿಣಿ ಅಂತ ಬರೆದಿದ್ದರೆ, ಚಂದ್ರ ಆ ಭಾಗದಲ್ಲಿದ್ದಾನೆ ಅಂತ ಅರ್ಥ. ಮಾಘ ಮಾಸದಲ್ಲಿ ಇದು ಶುಕ್ಲಪಕ್ಷದ ಅಷ್ಟಮಿ ನವಮಿಯ ಸುಮಾರಿಗೆ ಬರುತ್ತದೆ. ಹಾಗಾಗಿ ಸಂಜೆಗೇ ಚಂದ್ರ ಮೇಲಿರುತ್ತಾನೆ. ಆ ದಿನ ಅವರೇ ನೋಡಬೇಕಾಗಿತ್ತು, ಚಂದ್ರ ಆ ಕೆಂಪು ನಕ್ಷತ್ರದ ಹತ್ತಿರ ಇದ್ದಾನೋ ಇಲ್ಲವೋ. ಹತ್ತಿರ ಅಂದರೆ ಅಂಟಿಕೊಂಡಿರುವುದಿಲ್ಲ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು 10 ಡಿಗ್ರಿ ಮುಚ್ಚುತ್ತದೆ. ಒಂದು, ಒಂದೂವರೆ ಮುಷ್ಟಿಯೊಳಗೆ ಇದ್ದರೆ ಸರಿ. ಚಂದ್ರ ದಿನಕ್ಕೆ 13 ಡಿಗ್ರಿಯಷ್ಟು ಪೂರ್ವಕ್ಕೆ ಸರಿಯುತ್ತಾನೆ. ಅದಕ್ಕೇ ಮರುದಿನ ಕ್ಯಾಲೆಂಡರಿನಲ್ಲಿ ಮೃಗಶಿರ ಬರುತ್ತದೆ. ಇಡೀ ಸುತ್ತಿಗೆ 27 ದಿನ ಚಿಲ್ಲರೆ, ನಕ್ಷತ್ರಗಳೂ 27. ಈ ಲೆಕ್ಕವನ್ನು ಮೊದಲೇ ಹೇಳಿರಲಿಲ್ಲ. ಮೂರು ದಿನ ಮುಷ್ಟಿಯಲ್ಲಿ ಅಳೆದ ಮೇಲೆ ಅಕ್ಕನೇ ಕೇಳಿದರು, "ದಿನಾ ಒಂದೊಂದು ಮನೆ ದಾಟ್ತಾನಾ ಹಂಗಾದ್ರೆ?"

ಇಲ್ಲಿ ಒಂದು ದಾರಿ ತಪ್ಪುವ ಜಾಗ ಇದೆ. ಕೆಲವು ವರ್ಷ ಗುರುವಿನಂಥ ಗ್ರಹ ರೋಹಿಣಿಯ ಪಕ್ಕದಲ್ಲೇ ಬಂದು ಕೂತಿರುತ್ತದೆ. ಅದೇ ಜಾಸ್ತಿ ಹೊಳೆಯುವುದರಿಂದ ಅದನ್ನೇ ರೋಹಿಣಿ ಅಂದುಕೊಳ್ಳುತ್ತಾರೆ. ಹೊಳಪು ನೋಡಿ ಗುರುತಿಸಬಾರದು, ಮೂರು ಚುಕ್ಕಿಯ ಗೆರೆ ಮತ್ತು ಕೆಂಪು ಬಣ್ಣ ಎರಡೂ ಹೊಂದಬೇಕು. ನಿಮ್ಮ ಅಮ್ಮನ ವಿಷಯ ಬೇರೆ ಏನೇ ಆಗಲಿ, ಅಲ್ಲೂ ಇಂಥ ಒಂದು ಜಾಗ ಇರುತ್ತದೆ. ಸಾಧ್ಯವಾದರೆ ಅವರಿಗಿಂತ ಎರಡು ದಿನ ಮುಂಚೆ ನೀವು ಅದನ್ನು ಮಾಡಿ ನೋಡಿ. ಎಲ್ಲಿ ಕಾಲು ಜಾರುತ್ತದೆ ಅಂತ ಗೊತ್ತಾಗುತ್ತದೆ.

ಮೂರನೇ ವಾರದಲ್ಲಿ ಅವರ ನಿಜವಾದ ಪ್ರಶ್ನೆಗೆ ಬಂದೆವು, ರೋಹಿಣಿ ಮಳೆ. ದಿನದ ನಕ್ಷತ್ರ ಚಂದ್ರನದು, ಮಳೆಯ ನಕ್ಷತ್ರ ಸೂರ್ಯನದು. ಸೂರ್ಯ ಅದೇ 27 ಭಾಗಗಳನ್ನು ದಾಟಲು ಒಂದು ವರ್ಷ ತೆಗೆದುಕೊಳ್ಳುತ್ತಾನೆ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ ಅವನು ರೋಹಿಣಿಯ ಭಾಗದಲ್ಲಿರುತ್ತಾನೆ. ಅಂದರೆ ರೋಹಿಣಿ ಮಳೆ ಸುರಿಯುವ ದಿನಗಳಲ್ಲಿ ರೋಹಿಣಿ ನಕ್ಷತ್ರ ಕಾಣುವುದೇ ಇಲ್ಲ. ಅದು ಹಗಲಲ್ಲಿ ಸೂರ್ಯನ ಜೊತೆ ಮೂಡಿ ಅವನ ಜೊತೆಯೇ ಮುಳುಗುತ್ತದೆ. ನಕ್ಷತ್ರ ಮಳೆ ತರುವುದಿಲ್ಲ. ಮಳೆಗಾಲದ ಯಾವ ಹದಿನೈದು ದಿನ ಇದು ಅಂತ ಹೇಳಲು ಹಿಂದಿನವರು ಇಟ್ಟ ಹೆಸರು ಅದು. ಅಕ್ಕ ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿರಲಿಲ್ಲ. ಮಾರ್ಚ್, ಏಪ್ರಿಲ್ ಸಂಜೆಗಳಲ್ಲಿ ರೋಹಿಣಿ ವಾರ ವಾರಕ್ಕೂ ಪಶ್ಚಿಮಕ್ಕೆ ಇಳಿಯುತ್ತಾ ಹೋಗುವುದನ್ನು ತಾವೇ ನೋಡಿದರು. ಮೇ ನಡುವಿನ ಹೊತ್ತಿಗೆ ಅದು ಮುಸ್ಸಂಜೆಯ ಬೆಳಕಿನಲ್ಲೇ ಮುಳುಗಿಹೋಗುತ್ತದೆ. ತಿರುಗಿ ಬೆಳಗಿನ ಜಾವ ಪೂರ್ವದಲ್ಲಿ ಕಾಣುವುದು ಜೂನ್ ಕೊನೆ, ಜುಲೈ ಹೊತ್ತಿಗೆ. ಆಗ ಮೋಡ ಬಿಡುವುದು ಕಡಿಮೆ. ಆ ಅರ್ಧ ಎಲ್ಲ ವರ್ಷವೂ ನೋಡಲು ಸಿಗುವುದಿಲ್ಲ, ಅದನ್ನೂ ಮುಂಚೆಯೇ ಹೇಳಿದ್ದೆ.

ಈ ಕಲಿಕೆಯಲ್ಲಿ ನಾನು ಯಾವ ಪುಸ್ತಕವನ್ನೂ ಕೊಡಲಿಲ್ಲ ಅನ್ನುವುದನ್ನು ಗಮನಿಸಿ. ಮನೆಯ ಗೋಡೆಯ ಕ್ಯಾಲೆಂಡರ್, ಒಂದು ನೋಟ್‌ಬುಕ್, ಅವರ ಕೈಮುಷ್ಟಿ, ಇಷ್ಟೇ ಸಾಮಾನು. ಏಳನೇ ಕ್ಲಾಸಿಗೆ ಬಿಟ್ಟವರಲ್ಲಿ ಅನೇಕರಿಗೆ ಓದು ಮರೆತಿರುವುದಿಲ್ಲ, ಆದರೆ ಮೊದಲಿನ ಸರಾಗ ಉಳಿದಿರುವುದಿಲ್ಲ. ಒಂದು ಪುಟ ಓದಿದರೆ ಸುಸ್ತಾಗುತ್ತದೆ, ಅರ್ಥ ಅರ್ಧ ದಾರಿಯಲ್ಲಿ ಬಿಟ್ಟುಹೋಗುತ್ತದೆ. ಪರೀಕ್ಷೆ ಮಾಡಲು ಹೋಗಿ ಅವರಿಗೆ ಅವಮಾನ ಮಾಡಬೇಡಿ. ಮದುವೆ ಪತ್ರಿಕೆ ಬಂದಾಗ, ಪೇಪರಿನ ತಲೆಬರಹ ನೋಡುವಾಗ ಅವರ ಕಣ್ಣು ಎಷ್ಟು ಹೊತ್ತು ಅಲ್ಲಿ ನಿಲ್ಲುತ್ತದೆ ಅಂತ ನೋಡಿದರೆ ಸಾಕು. ಪೇಪರನ್ನು ದೂರ ಹಿಡಿದು ಓದುತ್ತಿದ್ದರೆ ಮೊದಲು ಕಣ್ಣು ತೋರಿಸಿ. ಈ ವಯಸ್ಸಿನಲ್ಲಿ ಹತ್ತಿರದ್ದು ಓದಲು ಬಹುತೇಕ ಎಲ್ಲರಿಗೂ ಕನ್ನಡಕ ಬೇಕಾಗುತ್ತದೆ. ಕನ್ನಡಕ ಇಲ್ಲದೆ ಮೊಬೈಲ್ ಪರದೆ ನೋಡಿ ನೋಡಿ ತಲೆನೋವು ಬಂದು, "ನಂಗೆ ತಲೆಗೆ ಹತ್ತಲ್ಲ" ಅಂತ ಬಿಟ್ಟವರನ್ನು ನಾನು ಕಂಡಿದ್ದೇನೆ.

ಅಮ್ಮನ ಪ್ರಶ್ನೆಗಳಲ್ಲಿ ಕೊನೆಗೂ ಇಂಗ್ಲಿಷೇ ಬಂದರೆ? ಬರಬಹುದು. ಆಗ ಅದೇ ಮೂರು ಪ್ರಶ್ನೆಯಿಂದ ಅದನ್ನೂ ಕತ್ತರಿಸಿ. "ಇಂಗ್ಲಿಷ್ ಬರಲ್ಲ ಅಂತ ಎಲ್ಲಿ ಅನಿಸಿತು?" ಅಂತ ಕೇಳಿದರೆ ಜಾಗ ಹೊರಗೆ ಬರುತ್ತದೆ. ತಮ್ಮ ಬಿಪಿ ಮಾತ್ರೆಯ ಹೆಸರು ಓದಲಾಗದೆ ಬಣ್ಣ ನೋಡಿ ನುಂಗುತ್ತಿದ್ದಾರೆ ಅನ್ನಿ. ಹಾಗಾದರೆ ಮೊದಲ ವಿಷಯ ಇಂಗ್ಲಿಷ್ ಅಲ್ಲ, ಮಾತ್ರೆಯ ಪಟ್ಟಿಯ ಮೇಲಿನ ಮೂರು ಸಂಗತಿ: ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗ ಅವಧಿ ಮುಗಿಯುತ್ತದೆ. ಅವರು ನುಂಗುವ ಮಾತ್ರೆಗಳು ಎರಡೋ ಮೂರೋ ಇರುತ್ತವೆ. ಇಪ್ಪತ್ತಾರು ಅಕ್ಷರ ಕ್ರಮವಾಗಿ ಕಲಿಸಬೇಡಿ. ಆ ಮೂರು ಹೆಸರಲ್ಲಿ ಇರುವ ಅಕ್ಷರಗಳು, ಎಂ, ಜಿ, ಮತ್ತು ಅವಧಿಯ ಮುಂದೆ ಇರುವ `EXP` ಅನ್ನುವ ಗುರುತು ಸಾಕು. ಪಟ್ಟಿಯನ್ನು ಆ ಗುರುತಿನ ಕಡೆಯಿಂದ ಕತ್ತರಿಸಿ ಎಸೆಯಬಾರದು ಅಂತ ಅವರಿಗೇ ಹೊಳೆದಾಗ, ಓದಿದ್ದು ಕೈಗೆ ಬಂತು ಅಂತ ನಿಮಗೂ ಗೊತ್ತಾಗುತ್ತದೆ.

ವಿಷಯ ತಪ್ಪಾಗಿದ್ದರೆ ಹೇಗೆ ತಿಳಿಯುವುದು? ಒಂದು ದಿನ ತಪ್ಪಿಸಿದರು ಅಂತ ತೀರ್ಮಾನ ಮಾಡಬೇಡಿ. ಮನೆಗೆ ನೆಂಟರು ಬರುತ್ತಾರೆ, ಮೈ ಸರಿ ಇರುವುದಿಲ್ಲ. ನಾನು ನೋಡುವುದು ಒಂದೇ, ಎರಡು ವಾರದೊಳಗೆ ಅವರಿಂದ ಒಂದಾದರೂ ಹೊಸ ಪ್ರಶ್ನೆ ಹುಟ್ಟಿತಾ? ನೀವು ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾ, "ಆಯ್ತಾ, ಇನ್ನೇನು?" ಅಂತ ಕೇಳುತ್ತಿದ್ದರೆ ಅದು ನಿಮ್ಮ ಸಂತೋಷಕ್ಕೆ ಮಾಡುತ್ತಿರುವ ಕೆಲಸ. ತಾಯಂದಿರು ಮಕ್ಕಳಿಗೋಸ್ಕರ ಹೀಗೆ ಮಾಡುವುದು ತುಂಬಾ ಜಾಸ್ತಿ, ಅದನ್ನು ಆಸಕ್ತಿ ಅಂತ ತಿಳಿಯಬೇಡಿ. ಇನ್ನೊಬ್ಬರ ಹತ್ತಿರ ಆ ಬಗ್ಗೆ ಹೇಳಿಕೊಂಡರೆ, ಊರಿಗೆ ಫೋನ್ ಮಾಡಿದಾಗ ತಂಗಿಗೆ ವಿವರಿಸಿದರೆ, ವಿಷಯ ಅವರದಾಗಿದೆ. ಆಗದಿದ್ದರೆ ನೀವೇ ಬಾಯಿಬಿಟ್ಟು "ಇದು ಬೇಡ ಅನಿಸುತ್ತೆ, ಬೇರೆ ನೋಡೋಣ" ಅನ್ನಿ. ಅವರು ಹೇಳಲಿ ಅಂತ ಕಾಯಬೇಡಿ. ಅವರು ಹೇಳಿದರೆ ಅದು ತಮ್ಮ ಸೋಲು ಅಂದುಕೊಳ್ಳುತ್ತಾರೆ. ಬರೆದಿಟ್ಟ ಪ್ರಶ್ನೆಗಳಲ್ಲಿ ಇನ್ನೊಂದಕ್ಕೆ ಹೋಗಿ.

ನಿಮ್ಮ ಆಸೆಯ ಬಗ್ಗೆಯೂ ಒಂದು ಮಾತು. ಅಮ್ಮ ಆನ್‌ಲೈನ್‌ನಲ್ಲಿ ದುಡ್ಡು ಕಳಿಸುವುದು ಕಲಿತರೆ ನಿಮಗೆ ಅನುಕೂಲ, ನಿಜ. ಅದನ್ನು ಬೇಕಾದರೆ ಬೇರೆಯಾಗಿ, "ನಂಗೆ ಸಹಾಯ ಆಗುತ್ತೆ ಅಮ್ಮಾ" ಅಂತ ಕೇಳಿಕೊಂಡು ಕಲಿಸಿ. ಅವರ "ಕಲೀಬೇಕು" ಅನ್ನುವುದರೊಳಗೆ ಅದನ್ನು ತುರುಕಬೇಡಿ. ಎರಡೂ ಬೆರೆತರೆ ಅವರು ನಿಮ್ಮ ಕೆಲಸ ಮಾಡಿಕೊಟ್ಟು, ತಮ್ಮದನ್ನು ಮರೆತುಬಿಡುತ್ತಾರೆ.

ಸದ್ಯಕ್ಕೆ ಮಾಡಬೇಕಾದ್ದು: ಆ ಆ್ಯಪನ್ನು ತೆಗೆದುಬಿಡಿ, ಅದು ಕಣ್ಣಿಗೆ ಬಿದ್ದಾಗಲೆಲ್ಲ ಬಿಟ್ಟದ್ದು ನೆನಪಾಗುತ್ತದೆ. ಒಂದು ವಾರ ಏನೂ ಶುರು ಮಾಡದೆ ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳಿ. ವಾರದ ಕೊನೆಗೆ ಆ ಹಾಳೆಯನ್ನು ಅಮ್ಮನಿಗೇ ಓದಿ ಹೇಳಿ, ಯಾವುದು ಮೊದಲು ಅಂತ ಅವರೇ ಬೆರಳಿಡಲಿ. ಹಾಳೆಯಲ್ಲಿ ಬರೀ ಜನರ ಹೆಸರುಗಳೇ ಇದ್ದರೆ, ಮೇಲಿನ ಮನೆಯವರು ಹೋಗುವ ಕಡೆಗೆ ಅವರನ್ನೂ ಕಳಿಸಿ. ಹಾಳೆ ಪೂರ್ತಿ ಖಾಲಿ ಉಳಿದರೆ ಅಮ್ಮನನ್ನು ಒಂದು ವಾರ ಊರಿಗೆ ಕರೆದುಕೊಂಡು ಹೋಗಿ ಅಲ್ಲಿ ಕೇಳಿ. ತೋಟದ ಬದುವಿನ ಮೇಲೆ ನಡೆಯುವಾಗ ಅವರ ಬಾಯಲ್ಲಿ ಬರುವ ಪ್ರಶ್ನೆಗಳು, ಅಪಾರ್ಟ್‌ಮೆಂಟಿನ ನಾಲ್ಕು ಗೋಡೆಯ ಮಧ್ಯೆ ಬರುವುದಿಲ್ಲ.